ಯುಪಿಐ ಬಳಸಿ ಎಂಟು ವರ್ಷ: ಎರಡು ಸಲ ಹಣ ಹೋದ ಅನುಭವ

2018ರಿಂದ ಯುಪಿಐ ಬಳಸುತ್ತಿದ್ದೇನೆ. ಹಾಲು, ತರಕಾರಿ, ಮನೆ ಬಾಡಿಗೆ ಎಲ್ಲಾ ಇದರಲ್ಲೇ. ನಮ್ಮ ಮನೆಯಲ್ಲಿ ಎರಡು ಸಲ ಹಣ ಬೇರೆಯವರ ಕೈಗೆ ಹೋಯಿತು. ಎರಡಕ್ಕೂ ದೂರು ಕೊಡುವ ಜಾಗ ಬೇರೆ ಬೇರೆ.

ಮೊದಲನೆಯದು 2022ರಲ್ಲಿ. ಅಪ್ಪ ಹಳೇ ಮಂಚ ಮಾರಲು ಜಾಹೀರಾತು ಹಾಕಿದ್ದರು. ಒಬ್ಬ ಫೋನ್ ಮಾಡಿ, "ಅಡ್ವಾನ್ಸ್ ಕಳಿಸ್ತೀನಿ ಅಂಕಲ್. ರಿಕ್ವೆಸ್ಟ್ ಬರುತ್ತೆ, ಪಿನ್ ಹಾಕಿದ್ರೆ ನಿಮ್ಮ ಖಾತೆಗೆ ಬೀಳುತ್ತೆ" ಅಂದ. ಅಪ್ಪ ಪಿನ್ ಹಾಕಿದರು, 2,000 ರೂಪಾಯಿ ಹೋಯಿತು. "ತಪ್ಪಾಯ್ತು, ಎರಡೂ ಸೇರಿಸಿ ವಾಪಸ್ ಕಳಿಸ್ತೀನಿ" ಅಂತ ಮತ್ತೊಂದು ರಿಕ್ವೆಸ್ಟ್ ಕಳಿಸಿದ. ಇನ್ನೂ 2,000 ಹೋಯಿತು. ಹಣ ಬರಬೇಕಾದರೆ ಪಿನ್ ಬೇಕಿಲ್ಲ. ಪಿನ್ ಕೇಳಿತು ಅಂದರೆ ನಮ್ಮ ಖಾತೆಯಿಂದ ಹಣ ಹೊರಡುತ್ತಿದೆ ಅಂತಲೇ ಅರ್ಥ.

ವಿಷಯ ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದೆ. ವಹಿವಾಟಿನ ವಿವರದಲ್ಲಿರುವ 12 ಅಂಕಿಯ ಯುಟಿಆರ್ ಸಂಖ್ಯೆ, ಮೊತ್ತ, ಸಮಯ ಕೇಳಿದರು. ಇವನ್ನು ಮೊದಲೇ ಬರೆದಿಟ್ಟುಕೊಂಡಿದ್ದು ಒಳ್ಳೆಯದಾಯಿತು. ಆಮೇಲೆ cybercrime.gov.in ನಲ್ಲಿ ದೂರು ಪೂರ್ತಿ ಮಾಡಿ, ನಮ್ಮ ಬ್ಯಾಂಕಿಗೂ ತಿಳಿಸಿದೆ. ಎರಡನೇ 2,000 ಇನ್ನೂ ಆ ಖಾತೆಯಲ್ಲೇ ಇತ್ತು, ಅದನ್ನು ತಡೆಹಿಡಿದರು. ಮೊದಲನೆಯದನ್ನು ಅವನು ಆಗಲೇ ತೆಗೆದುಬಿಟ್ಟಿದ್ದ. ಇಲ್ಲಿ ಎಷ್ಟು ಬೇಗ ಕರೆ ಮಾಡುತ್ತೀವಿ ಅನ್ನೋದೇ ಮುಖ್ಯ, ಯಾಕೆಂದರೆ ಹಣ ಖಾತೆಯಿಂದ ಖಾತೆಗೆ ಓಡುತ್ತಲೇ ಇರುತ್ತದೆ.

ಒಬ್ಬ ವ್ಯಕ್ತಿ ಇನ್ನೊಬ್ಬರಿಗೆ ಹೀಗೆ ಹಣ ಕೇಳುವ ರಿಕ್ವೆಸ್ಟನ್ನು ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದೆ. ನನಗೆ ತುಂಬಾ ನೆಮ್ಮದಿಯಾಯಿತು. ಆದರೆ "ಈ ಕ್ಯೂಆರ್ ಸ್ಕ್ಯಾನ್ ಮಾಡಿ, ಹಣ ಬರುತ್ತೆ" ಅನ್ನುವವರು ಇನ್ನೂ ಇದ್ದಾರೆ. ಅದೂ ಇದೇ ಮೋಸ, ಅಲ್ವಾ?

ಎರಡನೆಯದು ನನ್ನದೇ ತಪ್ಪು. ಮೊಬೈಲ್ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿ 5,000 ಬೇರೆ ಯಾರಿಗೋ ಹೋಯಿತು. ಇದು ವಂಚನೆ ಅಲ್ಲ, ಹಾಗಾಗಿ 1930ಕ್ಕೆ ಹೋಗಲಿಲ್ಲ. ಆ್ಯಪಿನಲ್ಲಿ ಅದೇ ವಹಿವಾಟು ತೆರೆದು ದೂರು ದಾಖಲಿಸಿದೆ, ಬ್ಯಾಂಕಿಗೂ ಬರೆದುಕೊಟ್ಟೆ. ಹಣ ಪಡೆದವರು ಒಪ್ಪದೆ ಬ್ಯಾಂಕು ಸುಮ್ನೆ ವಾಪಸ್ ಎಳೆದುಕೊಳ್ಳುವ ಹಾಗಿಲ್ಲ ಅಂದರು. ಪುಣ್ಯಕ್ಕೆ ಅವರು ಒಪ್ಪಿದರು, ಒಂಬತ್ತು ದಿನಕ್ಕೆ ಹಣ ಬಂತು. ಬ್ಯಾಂಕು 30 ದಿನವಾದರೂ ಉತ್ತರ ಕೊಡದಿದ್ದರೆ cms.rbi.org.in ನಲ್ಲಿ ಆರ್‌ಬಿಐ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು.

ಈಗ ಹೊಸಬರಿಗೆ ಜಾಸ್ತಿ ಹಣ ಕಳಿಸುವಾಗ ಮೊದಲು 1 ರೂಪಾಯಿ ಹಾಕುತ್ತೇನೆ. ತೆರೆಯ ಮೇಲೆ ಬರುವ ಹೆಸರನ್ನು ಅವರಿಗೆ ಫೋನಿನಲ್ಲೇ ಓದಿ ಹೇಳಿ, ಅವರು ಹೌದು ಅಂದ ಮೇಲೆ ಉಳಿದದ್ದು ಕಳಿಸುತ್ತೇನೆ.