6 ಕೆಜಿ, ಶೆಡ್ಯೂಲ್ 40, ಎಸ್‌ಡಿಆರ್ 17: ಬಂಡೆ ಮೇಲೆ ಹಾಯುವ ಲೈನಿಗೆ ಯಾವ ಪೈಪು?

ಮೊದಲೇ ಹೇಳಿಬಿಡುತ್ತೇನೆ. ಚಿಕ್ಕಬಳ್ಳಾಪುರ, ಚಿಂತಾಮಣಿ ಕಡೆಯ ಹಾಗೆ ಬಂಡೆ ಸಿಕ್ಕಿ ಕಾಲುವೆ ತೋಡಲಾಗದ ಕಡೆ ನನ್ನ ಓಟು ಕಪ್ಪು ಎಚ್‌ಡಿಪಿಇಗೆ: ಪಿಇ 100, ಎಸ್‌ಡಿಆರ್ 17. ಪೈಪನ್ನು ಹೂಳಲು ಮಣ್ಣಿದ್ದರೆ ಮಾತು ಬೇರೆ.

ಮೂರರ ಲೆಕ್ಕವೂ ಬೇರೆ ಬೇರೆ. ಐಎಸ್ 4985ರ ಪಿವಿಸಿಯಲ್ಲಿ ಪೈಪಿನ ಮೇಲೆ ಅಚ್ಚಾಗಿರುವ ಕೆಜಿಯೇ ಅದು ತಡೆಯುವ ಒತ್ತಡ, ಚದರ ಸೆಂಟಿಮೀಟರಿಗೆ ಅಷ್ಟು ಕೆಜಿ; ಆದರೆ ಅದು 27 ಡಿಗ್ರಿಯ ಲೆಕ್ಕ. ಎಸ್‌ಡಿಆರ್ ಅಂದರೆ ಹೊರವ್ಯಾಸವನ್ನು ಗೋಡೆಯ ದಪ್ಪದಿಂದ ಭಾಗಿಸಿದ್ದು. 63 ಮಿ.ಮೀ. ಪೈಪಿಗೆ 3.8 ಮಿ.ಮೀ. ಗೋಡೆಯಿದ್ದರೆ ಎಸ್‌ಡಿಆರ್ 17, ಪಿಇ 100ರಲ್ಲಿ ಅದು 10 ಕೆಜಿ. ಸೈಜು ಯಾವುದಾದರೂ ಈ ಸಂಬಂಧ ಬದಲಾಗುವುದಿಲ್ಲ. ಶೆಡ್ಯೂಲ್ ಅನ್ನುವುದೂ ಗೋಡೆಯ ದಪ್ಪದ ದರ್ಜೆಯೇ, ಆದರೆ ಹಾಗಲ್ಲ: ಶೆಡ್ಯೂಲ್ 40 ಪಿವಿಸಿ ಒಂದಿಂಚಿನಲ್ಲಿ ಸುಮಾರು 31 ಕೆಜಿ ತಡೆದರೆ ಎರಡಿಂಚಿನಲ್ಲಿ 19, ನಾಲ್ಕಿಂಚಿನಲ್ಲಿ 15. ಸಂಖ್ಯೆ ಅದೇ, ಬಲ ಬೇರೆ.

ಶೆಡ್ಯೂಲ್ 40 ಅಷ್ಟು ಗಟ್ಟಿಯಿದ್ದರೂ ನಾನು ದೂರ ಇಡುವುದು ಒಂದೇ ಕಿರಿಕಿರಿಗೆ. ಅಂಗಡಿಯಲ್ಲಿ ಎರಡನ್ನೂ ‘ಎರಡಿಂಚು’ ಅಂತಲೇ ಕೊಡುತ್ತಾರೆ. ಶೆಡ್ಯೂಲ್ ಪೈಪಿನ ಹೊರವ್ಯಾಸ 60.3 ಮಿ.ಮೀ., ತೋಟದ ಕೆಜಿ ಪೈಪಿನದು 63. ಮೊದಲನೆಯದನ್ನು ಎರಡನೆಯದರ ಕಪ್ಲಿಂಗಿಗೆ ತೂರಿಸಿದರೆ ಹತ್ತಿರ ಹತ್ತಿರ 3 ಮಿ.ಮೀ. ಸಡಿಲ. ಸಲ್ಯೂಷನ್ ಅನ್ನುವುದು ಗೋಂದಲ್ಲ; ಎರಡು ಮೈಗಳನ್ನು ಕರಗಿಸಿ ಒಂದು ಮಾಡುತ್ತದೆ, ಸಂದು ತುಂಬುವುದು ಅದರ ಕೆಲಸವಲ್ಲ. ಎಷ್ಟು ಬಳಿದರೂ ಮೋಟರ್ ಹಾಕಿದ ಕೆಲವು ದಿನಕ್ಕೆ ಜಾಯಿಂಟ್ ಕಳಚುತ್ತದೆ.

ತಿರುಗಾಮುರುಗಾ ಮಾಡಿದರೆ ಪೈಪು ಒಳಗೆ ಹೋಗುವುದೇ ಇಲ್ಲ. ಆಗ ಕೆಲವರು ಬೆಂಕಿ ಹಿಡಿದು ಕಪ್ಲಿಂಗಿನ ಬಾಯಿ ಅಗಲಿಸುತ್ತಾರೆ. ಅಗಲಿಸಿದ ಜಾಗದಲ್ಲಿ ಗೋಡೆ ತೆಳುವಾಗಿ, ಇಡೀ ಲೈನಿನಲ್ಲಿ ಅದೇ ಮೊದಲು ಸೀಳುವ ಜಾಗವಾಗುತ್ತದೆ. ನಾಲ್ಕಿಂಚಿಗೆ ಬಂದರೆ ಎಲ್ಲ ಉಲ್ಟಾ: ಶೆಡ್ಯೂಲ್ 114.3, ಕೆಜಿ ಪೈಪು 110. ಎರಡನ್ನೂ ಸೇರಿಸಲೇಬೇಕಾದರೆ ಒಂದು ಬದಿಗೆ ಗಂಡು ತಿರುಪು ಮರೆಯ, ಇನ್ನೊಂದು ಬದಿಗೆ ಹೆಣ್ಣು ಮರೆಯ ಅಡಾಪ್ಟರ್ ಹಾಕಿ. ಟೇಪ್ ಸುತ್ತುವ ಮುಂಚೆ ಕೈಯಲ್ಲೇ ತಿರುಗಿಸಿ, ಮರೆ ಕೂಡುತ್ತದೆಯೇ ನೋಡಿ. ಅಂಗಡಿಗೆ ಹೋಗುವಾಗ ವರ್ನಿಯರ್ ಜೇಬಿನಲ್ಲಿದ್ದರೆ ಈ ರಗಳೆಯೇ ಇಲ್ಲ.

ಪೈಪಿನ ತುದಿಗೆ ಮರೆ ಕೊರೆಯಬೇಕೆಂದರೆ ಶೆಡ್ಯೂಲ್ 80 ಮಾತ್ರ, ಅದರ ಬಲವೂ ಅರ್ಧಕ್ಕಿಳಿಯುತ್ತದೆ.

ಈಗ ದಪ್ಪದ ಲೆಕ್ಕ. ಬೋರಿನಿಂದ ಕೃಷಿ ಹೊಂಡಕ್ಕೆ 400 ಮೀಟರ್, ಏರು 28 ಮೀಟರ್, ನೀರು ಸೆಕೆಂಡಿಗೆ 2 ಲೀಟರ್, 63 ಮಿ.ಮೀ. ಪೈಪು ಅಂದುಕೊಳ್ಳಿ. 6 ಕೆಜಿ ಪಿವಿಸಿಯ ಗೋಡೆ 2.2 ಮಿ.ಮೀ.; ಅದರಲ್ಲಿ ಘರ್ಷಣೆಗೆ ನೂರು ಮೀಟರಿಗೆ ಒಂದು ಮೀಟರಿನಂತೆ 4 ಮೀಟರ್ ಹೋಗುತ್ತದೆ. ಅಲ್ಲಿಗೆ 32 ಮೀಟರ್, ಹತ್ತು ಮೀಟರಿಗೆ ಒಂದು ಕೆಜಿಯಂತೆ 3.2 ಕೆಜಿ. ಬಹಳ ಜನ ಇಲ್ಲಿಗೇ ನಿಲ್ಲಿಸಿ 4 ಕೆಜಿ ಪೈಪು ತರುತ್ತಾರೆ. ಕರೆಂಟು ಹೋಗಿ ಮೋಟರ್ ತಟ್ಟನೆ ನಿಂತು, ವಾಪಸು ಬರುವ ನೀರನ್ನು ತಡೆಯುವ ವಾಲ್ವ್ ಎನ್‌ಆರ್‌ವಿ ಮುಚ್ಚಿಕೊಂಡಾಗ ಬೀಳುವ ಹೊಡೆತ ಇನ್ನೂ ಸುಮಾರು 2.3 ಕೆಜಿ. ಒಟ್ಟು 5.5.

ಹೂತ ಲೈನಿಗೆ 6 ಕೆಜಿ ಅಂತೂ ಇಂತೂ ಸಾಲುತ್ತದೆ. 8 ಕೆಜಿ ಹಾಕಿದರೆ ನೆಮ್ಮದಿ. ಬಂಡೆ ಮೇಲಾದರೆ ಬೇಸಿಗೆಯಲ್ಲಿ ಪೈಪು 38 ಡಿಗ್ರಿಗೆ ಕಾದಾಗ ಪಿವಿಸಿಯ ಬಲದಲ್ಲಿ ಸುಮಾರು 70 ಭಾಗವಷ್ಟೇ ಉಳಿಯುತ್ತದೆ. 6 ಕೆಜಿ ಪೈಪು 4.2ಕ್ಕೆ ಇಳಿಯಿತು. 10 ಕೆಜಿ ತಂದರೆ 7 ಉಳಿಯುತ್ತದೆ ನಿಜ, ಆದರೆ ಗೋಡೆ ದಪ್ಪವಾದಷ್ಟು ಒಳಗಿನ ದಾರಿ ಕಿರಿದಾಗಿ ನೀರಿನ ವೇಗ ಏರುತ್ತದೆ, ಪೈಪು ಬಿರುಸಾಗಿ ಹೊಡೆತವೂ ಏರುತ್ತದೆ. ಒಟ್ಟು 6.5 ಮುಟ್ಟುತ್ತದೆ. ಜೊತೆಗೆ ಬಿಸಿಲಿಗೆ ಪಿವಿಸಿ ವರ್ಷದಿಂದ ವರ್ಷಕ್ಕೆ ಪೆಡಸಾಗುತ್ತದೆ.

ಅದೇ ಜಾಗದಲ್ಲಿ ಎಸ್‌ಡಿಆರ್ 17 ಎಚ್‌ಡಿಪಿಇ 40 ಡಿಗ್ರಿಯಲ್ಲೂ 7.4 ಕೆಜಿ ಉಳಿಸಿಕೊಳ್ಳುತ್ತದೆ. ಅದರ ಗೋಡೆ ಬಾಗಿ ಕೊಡುವುದರಿಂದ ಹೊಡೆತ ಸುಮಾರು 2 ಕೆಜಿ, ಘರ್ಷಣೆ ಸೇರಿ ಒಟ್ಟು 5.4ರ ಆಸುಪಾಸು. ನೂರು ಮೀಟರಿನ ಸುರುಳಿ ತಂದರೆ 400 ಮೀಟರಿಗೆ ನಡುವೆ ಮೂರೇ ಜಾಯಿಂಟು. ಆರು ಮೀಟರಿನ ಪಿವಿಸಿಯಲ್ಲಿ ಅರವತ್ತಕ್ಕೂ ಹೆಚ್ಚು. ಬಿಸಿಲಿಗೆ ಕಪ್ಪು ಪೈಪು ಹಿಗ್ಗುತ್ತದೆ, ಹಾಗಾಗಿ ನೇರ ಎಳೆದು ಕಟ್ಟದೆ ಹಾವಿನಂತೆ ಸಡಿಲ ಬಿಟ್ಟು ಹಾಸಬೇಕು.

ನಾನು ಬಿಸಿ ಮಾಡಿ ಬೆಸೆಯುವ ಯಂತ್ರ ಇಟ್ಟುಕೊಂಡಿಲ್ಲ. ಜಾಯಿಂಟಿಗೆ ಕಂಪ್ರೆಷನ್ ಕಪ್ಲಿಂಗೇ ಸಾಕು. ದುಡ್ಡು ಬಿಗಿಯಿದ್ದರೆ ಮಣ್ಣಿರುವಷ್ಟು ದೂರ 8 ಕೆಜಿ ಪಿವಿಸಿ ಹೂತು, ಬಂಡೆ ಶುರುವಾಗುವಲ್ಲಿಂದ ಕಪ್ಪು ಪೈಪು ಹಾಕುತ್ತೇನೆ. ಎರಡರ ಹೊರವ್ಯಾಸವೂ 63 ಆದ್ದರಿಂದ ಆ ಕಪ್ಲಿಂಗೇ ಎರಡೂ ಕಡೆ ಕೂರುತ್ತದೆ. ಪಿವಿಸಿ ತುದಿಯನ್ನು ಅರದಿಂದ ಉಜ್ಜಿ ಅಂಚು ಮುರಿದಿರಬೇಕು, ಇಲ್ಲದಿದ್ದರೆ ಒಳಗಿನ ರಬ್ಬರ್ ರಿಂಗ್ ಕೊಯ್ದುಹೋಗುತ್ತದೆ.