ನಿಯಾನ್ ಗ್ಲೋ ಗ್ರೇಡಿಯಂಟ್ ಮ್ಯಾಪ್‌ನ ಕೆಳಗೋ, ಮೇಲೋ? ಸೂಪರ್ ಮಾರ್ಕೆಟ್ ರಸ್ತೆಯ ಒಂದೇ ಫೋಟೋ, ಎರಡು ದಾರಿ

ರಾತ್ರಿ ಬೀದಿಯ ಫೋಟೋಗೆ ಫೋಟೋಶಾಪ್‌ನಲ್ಲಿ ಸೈಬರ್‌ಪಂಕ್ ಬಣ್ಣ ಕೊಡುವ ಎರಡು ದಾರಿಗಳನ್ನು ಒಂದೇ ಫೋಟೋ ಮೇಲೆ ಮಾಡಿ ನೋಡಿದ್ದೇನೆ. ಎರಡರಲ್ಲೂ ಸಾಮಾನು ಅದೇ, ಒಂದು ಗ್ರೇಡಿಯಂಟ್ ಮ್ಯಾಪ್, ಒಂದು ಗ್ಲೋ ಲೇಯರ್. ಗ್ಲೋ ಮ್ಯಾಪ್‌ನ ಕೆಳಗಿದೆಯೋ ಮೇಲಿದೆಯೋ ಅನ್ನುವುದಷ್ಟೇ ವ್ಯತ್ಯಾಸ. ಆದರೆ ಬರುವ ಫೋಟೋಗಳು ಅಣ್ಣತಮ್ಮಂದಿರ ಹಾಗೂ ಕಾಣುವುದಿಲ್ಲ.

ಫೋಟೋ ಕಲಬುರಗಿಯ ಸೂಪರ್ ಮಾರ್ಕೆಟ್ ರಸ್ತೆಯದ್ದು, ಮಳೆ ನಿಂತ ಮೇಲೆ ತೆಗೆದದ್ದು. ಮೇಲೆ ಹಳದಿ ಸೋಡಿಯಂ ದೀಪ, ಎಡಕ್ಕೆ ಮೊಬೈಲ್ ಅಂಗಡಿಯ ಹಸಿರು ಎಲ್‌ಇಡಿ ಬೋರ್ಡ್, ಬಲಕ್ಕೆ ಮಿರ್ಚಿ ಭಜಿ ಬಂಡಿ, ಅದರ ಬಾಣಲೆಯಿಂದ ಏಳುವ ಹೊಗೆ, ಮುಂದೆ ಒದ್ದೆ ರಸ್ತೆ. ಸೋಡಿಯಂ ಬೆಳಕಲ್ಲಿ ಗೋಡೆ, ಆಟೋ, ಮುಖ ಎಲ್ಲವೂ ಒಂದೇ ಕಿತ್ತಳೆಯ ಛಾಯೆಗಳು. ಅಲ್ಲಿ ಹ್ಯೂ ಸ್ಲೈಡರ್ ಎಳೆದರೆ ಕಿತ್ತಳೆ ಹೋಗಿ ಇನ್ನೊಂದು ಬಣ್ಣ ಬರುತ್ತದೆ, ಅಷ್ಟೇ, ಫೋಟೋ ಮತ್ತೆ ಒಂದೇ ಬಣ್ಣದ್ದಾಗಿಯೇ ಉಳಿಯುತ್ತದೆ. ಗ್ರೇಡಿಯಂಟ್ ಮ್ಯಾಪ್ ಬಣ್ಣವನ್ನು ನೋಡುವುದೇ ಇಲ್ಲ. ಅದು ಎಷ್ಟು ಬೆಳಕು, ಎಷ್ಟು ಕತ್ತಲು ಅನ್ನುವುದನ್ನು ಮಾತ್ರ ನೋಡಿ ಬಣ್ಣ ಹಂಚುತ್ತದೆ. ನಮ್ಮ ಬೀದಿ ದೀಪದ ಫೋಟೋಗಳಿಗೆ ಇದೇ ಸರಿ.

ಎರಡೂ ದಾರಿಗೆ ನಾನು ಹಾಕಿದ ಬಣ್ಣಗಳು ಇವು:

```
0%    #070A24   ಕಡು ನೀಲಿ
20%   #3A0F6E   ನೇರಳೆ
50%   #FF2E88   ಮೆಜೆಂಟಾ
62%   #A67CFF   ತಿಳಿ ನೇರಳೆ
80%   #4DF3FF   ಸಯಾನ್
100%  #EAFFFF   ಬಹುತೇಕ ಬಿಳಿ
```

ಈ ಜಾಗಗಳನ್ನು ಸುಮ್ನೆ ಇಟ್ಟಿದ್ದಲ್ಲ. ಪ್ರತಿ ಬಣ್ಣವನ್ನು ಕಪ್ಪು ಬಿಳುಪು ಮಾಡಿದರೆ ಅದು ಎಷ್ಟು ತಿಳಿಯಾಗಿ ಕಾಣುತ್ತದೋ ಹೆಚ್ಚುಕಡಿಮೆ ಅದೇ ಜಾಗದಲ್ಲಿದೆ. ಮೆಜೆಂಟಾ ಕಣ್ಣಿಗೆ ಜೋರಾಗಿ ಹೊಡೆದರೂ ಅದರ ಬೆಳಕು ಅರ್ಧಕ್ಕಿಂತ ಸ್ವಲ್ಪ ಕಡಿಮೆ, ಸಯಾನ್‌ನದ್ದು ಮುಕ್ಕಾಲು. ಮೆಜೆಂಟಾವನ್ನು 85ಕ್ಕೆ, ಸಯಾನನ್ನು 50ಕ್ಕೆ ಇಟ್ಟರೆ ದೀಪದ ಸುತ್ತಲಿನ ಜಾಗ ದೀಪಕ್ಕಿಂತ ತಿಳಿಯಾಗಿ ಕಂಡು, ಫೋಟೋ ನೆಗೆಟಿವ್ ತರಹ ಆಗುತ್ತದೆ. ಇನ್ನು ನಡುವಿನ ತಿಳಿ ನೇರಳೆ ಯಾಕೆ ಅಂದರೆ, ಮೆಜೆಂಟಾದಿಂದ ನೇರ ಸಯಾನ್‌ಗೆ ಹೋದರೆ `Classic` ವಿಧಾನದಲ್ಲಿ ಮಧ್ಯೆ ಬೂದಿ ಬಣ್ಣದ ಪಟ್ಟಿ ಬರುತ್ತದೆ, ನಿಯಾನ್ ಕೊಳಕಾಗಿ ಕಾಣುತ್ತದೆ.

ಮೊದಲನೇ ದಾರಿ, ಗ್ಲೋ ಕೆಳಗೆ. ಫೋಟೋದ ಒಂದು ಪ್ರತಿ ಮಾಡಿ, `Levels`ನಲ್ಲಿ ಕಪ್ಪಿನ ಸ್ಲೈಡರನ್ನು 170ರ ತನಕ ತಂದೆ. ದೀಪ, ಬೋರ್ಡು, ರಸ್ತೆಯ ಹೊಳಪು ಬಿಟ್ಟು ಬೇರೆಲ್ಲ ಕಪ್ಪಾಯಿತು. ಅದಕ್ಕೆ `Gaussian Blur` 40 ಪಿಕ್ಸೆಲ್, ಫೋಟೋ ಅಗಲ 4000 ಇತ್ತು. ಮೋಡ್ `Screen`. ಅದರ ಮೇಲೆ ಗ್ರೇಡಿಯಂಟ್ ಮ್ಯಾಪ್.

ಇಲ್ಲಿ ಗ್ಲೋ ಬಣ್ಣ ಇಳಿಯುತ್ತಾ ಹೋಗುತ್ತದೆ. ದೀಪದ ನಡುವೆ ಬಿಳಿ, ಆಮೇಲೆ ಸಯಾನ್, ನೇರಳೆ, ಮೆಜೆಂಟಾ, ಕೊನೆಗೆ ಕಡು ನೀಲಿ. ಬ್ಲರ್‌ನಲ್ಲಿ ಬೆಳಕು ನಿಧಾನವಾಗಿ ಕಡಿಮೆಯಾಗುತ್ತದಲ್ಲ, ಮ್ಯಾಪ್ ಆ ಇಳಿಜಾರನ್ನೇ ಬಣ್ಣ ಮಾಡುತ್ತದೆ. ಭಜಿ ಬಂಡಿಯ ಹೊಗೆಗೆ ಇದರಷ್ಟು ಚೆಂದ ಬೇರೇನೂ ಬರಲಿಲ್ಲ, ಹೊಗೆಯ ದಪ್ಪ ತೆಳುವಿಗೆ ತಕ್ಕ ಹಾಗೆ ಬಣ್ಣ ತಾನೇ ಬದಲಾಯಿತು, ಬ್ರಷ್ ಮುಟ್ಟಲೇ ಇಲ್ಲ.

ತೊಂದರೆ ಬೇರೆ ಕಡೆ. ಸೋಡಿಯಂ ದೀಪವಿರಲಿ, ಹಸಿರು ಬೋರ್ಡಿರಲಿ, ಎಲ್ಲದಕ್ಕೂ ಅದೇ ಉಂಗುರ. ಅದಕ್ಕಿಂತ ಜಾಸ್ತಿ ಕಾಡಿದ್ದು ಒದ್ದೆ ರಸ್ತೆ. ಈ ಫೋಟೋವನ್ನು ಪರಿಚಯದ ಸ್ಟುಡಿಯೋ ಹುಡುಗನಿಗೆ ತೋರಿಸಿದಾಗ ಅವನು ನೋಡಿದ ಕೂಡಲೇ, "ಅಣ್ಣಾ, ಮ್ಯಾಲಿನ ಲೈಟ್ ನೀಲಿ ಅದ, ರಸ್ತಾದಾಗ ಅದೇ ಲೈಟ್ ಗುಲಾಬಿ ಹ್ಯಾಂಗಾತು?" ಅಂದ. ಸರಿಯಾದ ಮಾತು. ನೀರಲ್ಲಿ ಕಾಣುವ ದೀಪ ನಿಜವಾದ ದೀಪಕ್ಕಿಂತ ಮಬ್ಬು. ಮ್ಯಾಪ್‌ಗೆ ಮಬ್ಬು ಅಂದರೆ ಬೇರೆ ಬಣ್ಣ. ಹಾಗಾಗಿ ಸಯಾನ್ ದೀಪಕ್ಕೆ ಮೆಜೆಂಟಾ ಪ್ರತಿಬಿಂಬ ಬೀಳುತ್ತದೆ. ನೋಡುವವರಿಗೆ ಕಾರಣ ಗೊತ್ತಾಗದಿದ್ದರೂ ಏನೋ ನಕಲಿ ಅನ್ನಿಸುತ್ತದೆ.

ಎರಡನೇ ದಾರಿ, ಗ್ಲೋ ಮೇಲೆ. ಇಲ್ಲಿ ಗ್ಲೋ ಬರುವ ಮೊದಲೇ ಮ್ಯಾಪ್ ಹಾಕಿ, ಮೋಡ್ `Color`, ಓಪಾಸಿಟಿ 70ಕ್ಕೆ ಇಳಿಸಿದೆ. `Normal` ಇಟ್ಟರೆ ಅಪ್ಪಟ ಕಪ್ಪು ಕೂಡ ಕಡು ನೀಲಿಗೆ ಏರಿ ಮಂಜು ಕವಿದಂತೆ ಆಗುತ್ತದೆ. `Color`ನಲ್ಲಿ ಕತ್ತಲು ಕತ್ತಲಾಗಿಯೇ ಇರುತ್ತದೆ, ನನಗೆ ಆ ಗಟ್ಟಿ ಕಪ್ಪು ಬೇಕಿತ್ತು. ಹಸಿರು ಬೋರ್ಡಿನ ಮೇಲೆ ಮ್ಯಾಪ್‌ನ ಮಾಸ್ಕಿಗೆ ಕಪ್ಪು ಬಳಿದು ಅದರ ಸ್ವಂತ ಬಣ್ಣವನ್ನು ಉಳಿಸಿದೆ. ಭಜಿ ಕರಿಯುವವರ ಮುಖಕ್ಕೂ ಹಾಗೇ, ಆದರೆ ಅರ್ಧ ಮಾತ್ರ. ಇಲ್ಲದಿದ್ದರೆ ಮುಖ ಹಿಂದಿನ ಗೋಡೆಯ ಮೆಜೆಂಟಾದಲ್ಲೇ ಕರಗಿಹೋಗುತ್ತದೆ.

ಆಮೇಲೆ `Ctrl+Alt+Shift+E` ಒತ್ತಿ, ಕಾಣುವುದೆಲ್ಲ ಸೇರಿದ ಒಂದು ಲೇಯರ್ ಮಾಡಿ, ಅದೇ `Levels`, ಅದೇ ಬ್ಲರ್, ಅದೇ `Screen`. ಈಗ ಹಸಿರು ಬೋರ್ಡಿನ ಸುತ್ತ ಹಸಿರು ಗ್ಲೋ ಬಂತು. ಬೀದಿ ದೀಪದ ಗ್ಲೋ ಮಾತ್ರ ಬೆಳ್ಳಗೆ, ಸಪ್ಪೆ. ಯಾಕೆಂದರೆ ಕ್ಯಾಮೆರಾದಲ್ಲೇ ಆ ದೀಪ ಸುಟ್ಟು ಬಿಳಿಯಾಗಿದೆ. ಬಿಳಿಯನ್ನು ಬ್ಲರ್ ಮಾಡಿದರೆ ಬರುವುದೂ ಬಿಳಿ ಹೊಗೆಯೇ. ಹಾಗಾಗಿ ದೀಪದ ಗ್ಲೋವನ್ನು ಬೇರೆ ಲೇಯರಿಗೆ ತೆಗೆದು, ಅದಕ್ಕೆ `Hue/Saturation` ಕ್ಲಿಪ್ ಮಾಡಿ, `Colorize` ಟಿಕ್ ಹಾಕಿ, ಹ್ಯೂ 185ಕ್ಕೆ ತಂದೆ, ಸ್ಯಾಚುರೇಷನ್ ಏರಿಸಿ ಲೈಟ್‌ನೆಸ್ ಇಳಿಸಿದೆ. ಲೈಟ್‌ನೆಸ್ ಇಳಿಸದಿದ್ದರೆ ಬಿಳಿಗೆ ಬಣ್ಣವೇ ಹತ್ತುವುದಿಲ್ಲ.

ರಸ್ತೆಯ ಪ್ರತಿಬಿಂಬ ಇಲ್ಲಿ ಸುಲಭ. ಹೊಸ ಖಾಲಿ ಲೇಯರ್, ಮೋಡ್ `Color`, ದೀಪದ ಗ್ಲೋ ಬಣ್ಣವನ್ನೇ ಎತ್ತಿಕೊಂಡು, ಮೆತ್ತನೆಯ ಬ್ರಷ್‌ನಿಂದ ರಸ್ತೆಯ ಹೊಳಪಿನ ಮೇಲೆ ಉದ್ದಕ್ಕೆ ಎಳೆದೆ. ಪ್ರತಿ ದೀಪದ ನೇರ ಕೆಳಗೆ ಅದೇ ಬಣ್ಣ ಬಂದ ಕೂಡಲೇ ಬೀದಿ ನಂಬುವ ಹಾಗಾಯಿತು. ಇದಕ್ಕೆ ತಾಳ್ಮೆ ಬೇಕು, ದೀಪ ಜಾಸ್ತಿ ಇದ್ದಷ್ಟೂ ಕೆಲಸ ಜಾಸ್ತಿ.

ನನ್ನ ಆಯ್ಕೆ ಹೇಳಬೇಕೆಂದರೆ, ಒದ್ದೆ ರಸ್ತೆ, ಬೇರೆ ಬೇರೆ ಬಣ್ಣದ ಬೋರ್ಡು, ಮುಖ ಇರುವ ಫೋಟೋಗೆ ಗ್ಲೋ ಮೇಲೆಯೇ ಇರಲಿ, ಬೇರೆ ಯೋಚನೆಯೇ ಬೇಡ. ಚಳಿಗಾಲದ ಬೀದರ್ ಕೋಟೆ ರಸ್ತೆಯ ಮಂಜು, ಅಥವಾ ಬರೀ ಹೊಗೆ ಇರುವ ಫೋಟೋ ಆದರೆ ಕೆಳಗಿನದು ಗೆಲ್ಲುತ್ತದೆ, ಕೆಲಸವೂ ಬೇಗ ಮುಗಿಯುತ್ತದೆ. ಸೂಪರ್ ಮಾರ್ಕೆಟ್ ಫೋಟೋದಲ್ಲಿ ನಾನು ಕೊನೆಗೆ ಉಳಿಸಿಕೊಂಡದ್ದು ಎರಡನೆಯದನ್ನು, ಬಂಡಿಯ ಹೊಗೆ ಇರುವ ಮೂಲೆಗೆ ಮಾತ್ರ ಮೊದಲನೆಯದನ್ನು ಮಾಸ್ಕ್ ಹಾಕಿ ಕೂರಿಸಿದೆ.

ಎರಡರಲ್ಲೂ ಕಾಡುವುದು ಒಂದೇ, ಆಕಾಶದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಾಣುವ ಪಟ್ಟಿಗಳು. ಗ್ಲೋ ಕೆಳಗಿದ್ದಾಗ ಇನ್ನೂ ಜಾಸ್ತಿ, ಒಂದು ಸಣ್ಣ ಇಳಿಜಾರಿನಲ್ಲಿ ಇಷ್ಟೆಲ್ಲ ಬಣ್ಣ ತುರುಕುತ್ತೇವಲ್ಲ. ಹಾಗಾಗಿ ಕಚ್ಚಾ ಫೈಲನ್ನು ಮೊದಲೇ 16 ಬಿಟ್‌ನಲ್ಲಿ ತೆರೆಯಿರಿ, ಮ್ಯಾಪ್‌ನಲ್ಲಿ `Dither` ಟಿಕ್ ಮಾಡಿ, ಎಲ್ಲ ಮುಗಿದ ಮೇಲೆ 1 ಅಥವಾ 2 ಶೇಕಡಾ ನಾಯ್ಸ್ ಸೇರಿಸಿ. ಜೆಪೆಗ್ ಫೋಟೋವನ್ನು ಆಮೇಲೆ 16 ಬಿಟ್ ಮಾಡಿದರೆ ಕಳೆದುಹೋದ ಛಾಯೆಗಳು ವಾಪಸ್ ಬರುವುದಿಲ್ಲ, ಆಗ ನಾಯ್ಸ್ ಒಂದೇ ಗತಿ. ಫ್ಲೆಕ್ಸ್ ಹೊಡೆಸುವ ಯೋಚನೆ ಇದ್ದರೆ ಮೊದಲು ಒಂದು ಸಣ್ಣ ತುಂಡು ಪ್ರಿಂಟ್ ತೆಗೆಸಿ, ಪರದೆಯ ಈ ಮೆಜೆಂಟಾ ಮತ್ತು ಸಯಾನ್‌ನ ಮಿಂಚು ಶಾಯಿಯಲ್ಲಿ ಪೂರ್ತಿ ಬರುವುದಿಲ್ಲ.