ಪೆಡೋಮೀಟರ್ ಕೊಳ್ಳುವಾಗ ಅಂಗಡಿಯವರು ಇಟ್ಟುಕೊಟ್ಟ ಹೆಜ್ಜೆ ಅಳತೆ ನಂಬಬೇಡಿ

ಎರಡು ತಿಂಗಳು ದಿನಾ 5 ಕಿಲೋಮೀಟರ್ ನಡೆದೆ ಅಂತ ಡಾಕ್ಟರ ಹತ್ತಿರ, ಮನೆಯವರ ಹತ್ತಿರ ಎಲ್ಲಾ ಹೇಳಿಕೊಂಡು ಬಂದೆ. ಎಲ್ಲಾ ಸುಳ್ಳು. ನಾನು ನಡೆದಿದ್ದು ನಾಲ್ಕು ಕಿಲೋಮೀಟರೂ ಇಲ್ಲ. ಹೇಳೋಕೇ ನಾಚಿಕೆ ಆಗುತ್ತೆ.

ಸೊಂಟಕ್ಕೆ ಸಿಕ್ಕಿಸುವ ಪೆಡೋಮೀಟರ್ ತಗೊಂಡಿದ್ದೆ. ಅದು ಹೆಜ್ಜೆ ಎಣಿಸುತ್ತೆ ಅಷ್ಟೇ, ದೂರ ಅಳೆಯಲ್ಲ. ನಾವು ಕೊಟ್ಟ ಹೆಜ್ಜೆ ಉದ್ದದಿಂದ ಗುಣಿಸಿ ಕಿಲೋಮೀಟರ್ ತೋರಿಸುತ್ತೆ. ಅಂಗಡಿಯವನು 75 ಸೆಂಟಿಮೀಟರ್ ಇಟ್ಟುಕೊಟ್ಟ. ನಾನು ಐದಡಿ ಒಂದಿಂಚು ಇದ್ದೀನಿ, ಕಣ್ಣಿಗೆ ಕಾಣುತ್ತಲ್ವಾ? ಕೇಳಿದ್ದಕ್ಕೆ "ಎಲ್ಲರಿಗೂ ಇಷ್ಟೇ ಮೇಡಂ, ಕಂಪನಿ ಸೆಟ್ಟಿಂಗ್, ಮುಟ್ಟಬೇಡಿ" ಅಂದ.

ಆಮೇಲೆ ಅನುಮಾನ ಬಂದು ವಾಪಸ್ ಹೋದೆ. ಕೌಂಟರಿನಿಂದ ಬಾಗಿಲವರೆಗೆ ಹತ್ತು ಹೆಜ್ಜೆ ನಡೆಸಿ, ಟೇಪ್ ಹಿಡಿದು "ನೋಡಿ 69 ಬಂತು" ಅಂತ ಗೆದ್ದವನ ಹಾಗೆ ಮಾತಾಡಿದ. ನಾನೂ ತಲೆ ಆಡಿಸಿ ಬಂದೆ, ಅದೇ ಹೊಟ್ಟೆ ಉರಿಯೋದು. ನಾಲ್ಕು ಜನ ನೋಡುತ್ತಾ ನಿಂತಿದ್ದಾಗ ಯಾರಾದರೂ ಕಾಲು ಬೀಸಿಯೇ ನಡೀತಾರೆ. ಹತ್ತು ಹೆಜ್ಜೆಯಲ್ಲಿ ಒಂದು ಎಣಿಕೆ ತಪ್ಪಿದರೂ ನೂರಕ್ಕೆ ಹತ್ತರಷ್ಟು ತಪ್ಪಾಯಿತು!

ಕೊನೆಗೆ ಕಾಲೇಜು ಮೈದಾನದ 400 ಮೀಟರ್ ಟ್ರ್ಯಾಕಿಗೆ ಹೋದೆ. ಎಲ್ಲಕ್ಕಿಂತ ಒಳಗಿನ ಲೇನಿನಲ್ಲೇ ನಡೆಯಬೇಕು, 400 ಅನ್ನೋದು ಅದಕ್ಕೆ ಮಾತ್ರ. ಎಂಟನೇ ಲೇನಿನಲ್ಲಿ ಒಂದು ಸುತ್ತಿಗೆ ಸುಮಾರು 453 ಮೀಟರ್ ಆಗುತ್ತೆ. ಗೆರೆಗಿಂತ ಸ್ವಲ್ಪ ಹಿಂದಿನಿಂದಲೇ ನಡೆಯೋಕೆ ಶುರು ಮಾಡಿ, ಗೆರೆ ದಾಟಿದಾಗ ಎಣಿಸೋಕೆ ಶುರು ಮಾಡಿದೆ. ಎಡಗಾಲು ಒಂದು, ಬಲಗಾಲು ಎರಡು. ನೂರಾದಾಗ ಒಂದು ಬೆರಳು ಮಡಚಿದೆ. ಮೊದಲ ಸುತ್ತಿಗೆ 688, ಎರಡನೆಯದಕ್ಕೆ 692. ಸರಾಸರಿ 690. 40,000 ಸೆಂಟಿಮೀಟರನ್ನು 690ರಿಂದ ಭಾಗಿಸಿದರೆ 58.

ಐವತ್ತೆಂಟು! ಅವನು ಇಟ್ಟಿದ್ದು ಎಪ್ಪತ್ತೈದು!

ಯಂತ್ರದ ಎಣಿಕೆಯನ್ನೂ ನೋಡಿದೆ. ಎರಡನೇ ಸುತ್ತಿಗೆ ಅದು 687 ತೋರಿಸಿತು, ಅಂದರೆ ಎಣಿಕೆ ಸರಿಯಿದೆ, ಉದ್ದವೇ ತಪ್ಪು. 75ರ ಲೆಕ್ಕದಲ್ಲಿ 5 ಕಿಲೋಮೀಟರ್ ಅಂದರೆ 6,667 ಹೆಜ್ಜೆ. ಅದನ್ನು ನನ್ನ 58ರಿಂದ ಗುಣಿಸಿದರೆ ಬರೋದು 3.87 ಕಿಲೋಮೀಟರ್. ದಿನಾ ಒಂದು ಕಿಲೋಮೀಟರಿಗಿಂತ ಜಾಸ್ತಿ ಖೋತಾ, ಎರಡು ತಿಂಗಳು!

ಈ ಲೆಕ್ಕ ಬರೆದ ಚೀಟಿ ತಗೊಂಡು ಹೋಗಿ ತೋರಿಸಿದರೆ "ನೀವು ಹೆಜ್ಜೆ ಚಿಕ್ಕದು ಹಾಕಿದ್ರೆ ನಾವೇನ್ ಮಾಡೋಣ ಮೇಡಂ" ಅಂತಾನೆ. ಚೀಟಿ ಕೈಗೂ ತಗೊಳ್ಳಲಿಲ್ಲ.

ನೀವು ಕೊಂಡರೆ ಮೊದಲ ದಿನವೇ ಟ್ರ್ಯಾಕಿಗೆ ಹೋಗಿ. ದಿನಾ ಹಾಕುವ ಚಪ್ಪಲಿ ಅಥವಾ ಶೂ ಹಾಕಿಕೊಂಡು, ದಿನಾ ನಡೆಯುವ ವೇಗದಲ್ಲೇ ನಡೆಯಿರಿ, ಬೇಗ ನಡೆದರೆ ಹೆಜ್ಜೆ ಉದ್ದ ಆಗುತ್ತೆ. ನಾನು 58 ಇಟ್ಟುಕೊಂಡಿದ್ದೀನಿ. ಈಗ 5 ಕಿಲೋಮೀಟರಿಗೆ 8,600 ಹೆಜ್ಜೆ ದಾಟಬೇಕು.